ಇನ್ನು ಮೂರು ಗಂಟೆ, ಏಳಕ್ಕೆ ಸರಿಯಾಗಿ

ಹೊಸದುರ್ಗದಲ್ಲಿ ನಾನು ಕೆಲಸಕ್ಕಿದ್ದ ಕೇಬಲ್ ಟಿವಿ ಆಫೀಸು ಒಂದು ಗೊಬ್ಬರದ ಅಂಗಡಿಯ ಮಹಡಿಯಲ್ಲಿತ್ತು. ಒಂದು ಕೋಣೆಯಲ್ಲಿ ಕಂಪ್ಯೂಟರು, ಇನ್ನೊಂದರಲ್ಲಿ ಕ್ಯಾಮೆರಾ, ನೀಲಿ ಪರದೆ, ಎರಡು ಕುರ್ಚಿ. ಆ ಎರಡು ಕುರ್ಚಿಯ ಕೋಣೆಯನ್ನೇ ನಾವು ಸ್ಟುಡಿಯೋ ಎನ್ನುತ್ತಿದ್ದೆವು. ಎಲ್ಲರ ಕೈಗೂ ಮೊಬೈಲ್ ಬಂದು, ಇಂಟರ್ನೆಟ್ ಇನ್ನೂ ಕಂಪ್ಯೂಟರಿನಿಂದ ಇಳಿದು ಜೇಬಿಗೆ ಬಾರದಿದ್ದ ವರ್ಷಗಳು ಅವು.

ಆ ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಕುರಿಗಳ ಜೀವ ತೆಗೆಯುವ ನೀಲಿನಾಲಿಗೆ ರೋಗದ ಸುದ್ದಿ ಹಬ್ಬಿತ್ತು. ಒಂದು ಕುರಿ ಸೀನಿದರೂ ಕುರಿಗಾರರು ಬೆಚ್ಚುತ್ತಿದ್ದರು. ನಮ್ಮ ಯಜಮಾನರಿಗೆ ಒಂದು ಯೋಚನೆ ಹೊಳೆಯಿತು: ಹೊಳಲ್ಕೆರೆಯಲ್ಲಿ ನಿವೃತ್ತರಾಗಿದ್ದ ಒಬ್ಬ ದನದ ಡಾಕ್ಟರನ್ನು ಕರೆಸಿ ಕ್ಯಾಮೆರಾದ ಮುಂದೆ ಕೂರಿಸುವುದು, ಕುರಿಗಾರರು ಫೋನ್ ಮಾಡಿ ಕೇಳುವುದು, ಡಾಕ್ಟರು ಅಲ್ಲೇ ಉತ್ತರ ಹೇಳುವುದು. ನೇರ ಪ್ರಸಾರ. ಭಾನುವಾರ ಸಂಜೆ ಏಳಕ್ಕೆ, ಕುರಿ ಮೇವು ಮುಗಿಸಿ ರೊಪ್ಪಕ್ಕೆ, ಅಂದರೆ ದೊಡ್ಡಿಗೆ, ಬಂದ ಮೇಲೆ.

"ನೇರ ಪ್ರಸಾರ ಅಂದ್ರೆ ಆಮೇಲೆ ನೋಡ್ತೀನಿ ಅನ್ನಂಗಿಲ್ಲ. ಜನ ಆ ಹೊತ್ತಿಗೆ ಟಿವಿ ಮುಂದೆ ಕುಂತಿರ್ಬೇಕು. ಅದು ನಿನ್ ಕೆಲ್ಸ ಕಣಮ್ಮ" ಎಂದು ಯಜಮಾನರು ನನಗೆ ಹೇಳಿದರು.

ಆಗ ಪುಕ್ಕಟೆಯಾಗಿ ಎಸ್ಸೆಮ್ಮೆಸ್ ಗುಂಪು ಮಾಡಿಕೊಡುವ ಒಂದು ವೆಬ್‌ಸೈಟಿತ್ತು. ಗುಂಪಿಗೆ ಸೇರಿದವರ ಮೊಬೈಲಿಗೆಲ್ಲ ನಾವು ಬರೆದದ್ದು ಹೋಗುತ್ತಿತ್ತು. ನಾವು ಟಿವಿ ಪರದೆಯ ಕೆಳಗೆ ಓಡುವ ಅಕ್ಷರಗಳಲ್ಲಿ ಸೇರುವ ವಿಧಾನ ಹೇಳಿದ್ದೇ ತಡ, ಮತ್ತೋಡಿನಿಂದ ರಾಮಗಿರಿಯವರೆಗೆ ಜನ ಸೇರಿಕೊಂಡರು. ಆ ಸೈಟಿನಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೆಂದರೆ ಕಾರ್ಯಕ್ರಮ ಶುರುವಾಗುವ ಹೊತ್ತನ್ನು ಮೇಲಿನ ಒಂದು ಚೌಕದಲ್ಲಿ ಒಮ್ಮೆ ಹಾಕಿದರೆ ಸಾಕಿತ್ತು. ಆಮೇಲೆ ಒಂದೊಂದು ಮೆಸೇಜಿಗೂ 'ಶುರುವಿಗೆ ಮೂರು ದಿನ ಮುಂಚೆ', 'ಒಂದು ದಿನ ಮುಂಚೆ', 'ಮೂರು ಗಂಟೆ ಮುಂಚೆ', 'ಅರ್ಧ ಗಂಟೆ ಮುಂಚೆ' ಎಂದು ಆರಿಸಿಕೊಳ್ಳಬಹುದು. ಯಾವುದು ಯಾವಾಗ ಹೋಗಬೇಕೆಂಬ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತಿತ್ತು. ಸರಿಯಾಗಿ ಶುರುವಿನ ಗಳಿಗೆಗೆ 'ಶುರುವಾಯ್ತು, ಟಿವಿ ಹಾಕಿ' ಎಂಬ ಕೊನೆಯದು.

ಮೆಸೇಜುಗಳಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಬಹಳ ಜನರ ಮೊಬೈಲಿನಲ್ಲಿ ಕನ್ನಡ ಮೂಡುತ್ತಿರಲಿಲ್ಲ, ಬರೀ ಚೌಕಗಳು ಕಾಣುತ್ತಿದ್ದವು. ನಾನು ಬರೆದ 'ನೇರ ಪ್ರಸಾರ'ವನ್ನು ಹಾಲುರಾಮೇಶ್ವರದ ಕಡೆಯ ಒಬ್ಬರು 'ನೇರ ಪ್ರಸಾದ' ಎಂದು ಓದಿಕೊಂಡು, "ಊಟಕ್ಕೆ ಎಷ್ಟು ಜನ ಬರಬೌದ್ರಿ?" ಎಂದು ಫೋನ್ ಮಾಡಿದ್ದರು.

ಬರೆದದ್ದನ್ನು ಯಜಮಾನರು ನೋಡಿದರು. "ಇನ್ನು ಮೂರು ಗಂಟೆ ಅಂತ ಬರ್ದಿದ್ದೀಯ. ಎಷ್ಟೊತ್ತಿಗೆ ಅಂತ ಎಲ್ಲೈತೆ? ಟೈಮ್ ಹಾಕಮ್ಮ. ಎಲ್ಲದ್ರಾಗೂ ಹಾಕು."

ಎಲ್ಲದರಲ್ಲೂ 'ಸಂಜೆ 7ಕ್ಕೆ ಸರಿಯಾಗಿ' ಎಂದು ಸೇರಿಸಿದೆ.

ಮೊದಲನೆಯದು ಗುರುವಾರ ಸಂಜೆ ಏಳಕ್ಕೆ ಬರಬೇಕು. ನಾನೂ ಗುಂಪಿನಲ್ಲಿದ್ದೆನಲ್ಲ, ಮೊಬೈಲ್ ಹಿಡಿದು ಕಾದೆ. ಬರಲಿಲ್ಲ. ಅಡುಗೆ ಮಾಡಿದೆ, ಉಂಡೆ, ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಮೆಸೇಜು ಬಂದು ಕೂತಿದೆ, ನಡುರಾತ್ರಿ ಹನ್ನೆರಡೂವರೆಗೆ! ಆಫೀಸಿಗೆ ಹೋಗುವಷ್ಟರಲ್ಲಿ ಒಬ್ಬರು ಫೋನಿನಲ್ಲಿ ಯಜಮಾನರನ್ನು ಬೈದೂ ಆಗಿತ್ತು. "ರಾತ್ರಿ ಫೋನ್ ಕುಯ್ ಅಂತು, ಯಾರೋ ಹೋಗ್ಬಿಟ್ರು ಅಂದ್ಕಂಡ್ವಿ. ನೋಡಿದ್ರೆ ಕುರಿ ಕಾರ್ಯಕ್ರಮ!"

ಪಕ್ಕದ ಸೈಬರ್ ಸೆಂಟರಿನವನು ಬಂದು ಸೆಟ್ಟಿಂಗ್ ತೆರೆದು ನೋಡಿ ನಕ್ಕ. "ಅಕ್ಕಾ, ನೀವು ಏಳು ಅಂದ್ರೆ ಇದು ಲಂಡನ್ನಿನ ಏಳು ಅಂದ್ಕಂಡೈತೆ. ಅವರಿಗಿಂತ ನಾವು ಐದೂವರೆ ಗಂಟೆ ಮುಂದಿದ್ದೀವಿ." ಭಾರತದ ಸಮಯ ಎಂದು ಆರಿಸಿದ. ಉಳಿದ ಮೆಸೇಜುಗಳ ಹೊತ್ತೆಲ್ಲ ತಾವಾಗಿಯೇ ಸರಿದು ಸಾಲಾಗಿ ಕೂತವು. ಶನಿವಾರದ್ದು ಏಳಕ್ಕೆ ಟಣ್ಣನೆ ಬಂತು. ನನಗೆ ಯಾವುದೋ ದೊಡ್ಡ ಯಂತ್ರವನ್ನು ಪಳಗಿಸಿದ ಹಿಗ್ಗು.

ಭಾನುವಾರ ಮಧ್ಯಾಹ್ನ ಹಿಗ್ಗು ಇಳಿಯಿತು. ಅವತ್ತಿನಿಂದ ಕರೆಂಟು ತೆಗೆಯುವ ಹೊತ್ತು ಬದಲಾಗಿದೆ, ಹಳ್ಳಿ ಕಡೆ ಆರರಿಂದ ಎಂಟರವರೆಗೆ ಇರುವುದಿಲ್ಲ ಎಂದು ಗೊತ್ತಾಯಿತು. ನಮಗೆ ಜನರೇಟರಿತ್ತು. ನೋಡುವವರಿಗೆ?

"ಎಂಟೂವರೆಗೆ ಮಾಡಾಣ" ಎಂದರು ಯಜಮಾನರು. "ಡಾಕ್ಟ್ರಿಗೆ ನಾನು ಹೇಳ್ತೀನಿ. ನಿನ್ ಮೆಸೇಜ್‌ಗಳ ಗತಿ ಏನು?"

ಮೇಲಿನ ಚೌಕದಲ್ಲಿ ಏಳನ್ನು ಅಳಿಸಿ ಎಂಟೂವರೆ ಎಂದು ಒತ್ತಿದೆ. ನಾಲ್ಕಕ್ಕೆ ಹೋಗಬೇಕಿದ್ದದ್ದು ಐದೂವರೆಗೆ ಸರಿಯಿತು, ಆರೂವರೆಯದು ಎಂಟಕ್ಕೆ. ಒಂದೊಂದನ್ನೂ ಮುಟ್ಟುವ ಕೆಲಸವೇ ಇಲ್ಲ.

"ಸಾರ್, ಟೈಮ್ ಬದಲಾಗಿದೆ ಅಂತ ಬೇರೆ ಒಂದು ಮೆಸೇಜ್ ಕಳಿಸಲಾ? ನಿನ್ನೆ ಏಳು ಅಂತ ಹೋಗಿಬಿಟ್ಟಿದೆ."

"ಎಲ್ಲಾ ಅದೇ ಸರಿ ಮಾಡ್ಕಂಡೈತಲ್ಲಮ್ಮ. ಮ್ಯಾಲೆ ಮ್ಯಾಲೆ ಕಳ್ಸಿದ್ರೆ ಜನ ಬೇಜಾರ್ ಮಾಡ್ಕಂತಾರೆ."

ಐದೂವರೆಗೆ ಮೆಸೇಜು ಹೋಯಿತು. ನನ್ನ ಮೊಬೈಲಿಗೂ ಬಂತು. ಓದಿದೆ: 'ಇನ್ನು ಮೂರು ಗಂಟೆ! ಕುರಿ ರೋಗದ ಬಗ್ಗೆ ನೇರ ಪ್ರಸಾರ, ಇಂದು ಸಂಜೆ 7ಕ್ಕೆ ಸರಿಯಾಗಿ.'

ಹೋಗುವ ಹೊತ್ತು ಸರಿದಿತ್ತು. ಒಳಗೆ ನಾವೇ ಕೈಯಾರೆ ಬರೆದ ಏಳು ಹಾಗೇ ಇತ್ತು. ಅದನ್ನು ಕಂಪ್ಯೂಟರು ಯಾಕೆ ಮುಟ್ಟೀತು? ಅದಕ್ಕೆ ಅದು ಬರೀ ಅಕ್ಷರ.

ಫೋನು ಶುರುವಾಯಿತು. "ಐದೂವರೆಗೆ ಮೂರು ಕೂಡಿಸಿದ್ರೆ ಏಳು ಹೆಂಗಾಗ್ತೈತ್ರಿ?" ಎಂದು ಒಬ್ಬರು. ಇನ್ನೊಬ್ಬರು ಟೀ ಅಂಗಡಿಯಿಂದ ಮಾಡಿದ್ದರು. ಅಲ್ಲಿ ಎರಡು ಪಂಗಡವಾಗಿ ವಾದ ನಡೆದು, ಒಂದು ಪಂಗಡ ಏಳು, ಒಂದು ಎಂಟೂವರೆ, ಒಂದು ತಟ್ಟೆ ಬೋಂಡಕ್ಕೆ ಪಂಥ ಕಟ್ಟಿದ್ದರಂತೆ. "ಬೇಗ ಹೇಳ್ರಿ, ಬೋಂಡ ಆರೋಯ್ತೈತೆ." ನಾನು ಅವಸರದಲ್ಲಿ 'ಏಳು ಅಲ್ಲ, ಎಂಟೂವರೆ, ಕರೆಂಟು ಬಂದ ಮೇಲೆ' ಎಂದು ಕೂಡಲೇ ಹೋಗುವಂತೆ ಒಂದು ಮೆಸೇಜು ಕಳಿಸಿದೆ. ಯಜಮಾನರು ಪಕ್ಕದಲ್ಲಿ ನಿಂತು ತಲೆ ಕೆರೆದುಕೊಂಡರು. "ನಾನೇ ಅಲ್ವಾ ಟೈಮ್ ಹಾಕು ಅಂದಿದ್ದು" ಎಂದು ಅವರೇ ಹೇಳಿದ್ದರಿಂದ ನಾನು ಹೇಳಬೇಕಾಗಲಿಲ್ಲ.

ಏಳಕ್ಕೆ ಸ್ವಲ್ಪ ಮುಂಚೆ ಕೆಳಗೆ ಒಂದು ಲಗೇಜ್ ಆಟೋ ಬಂದು ನಿಂತಿತು. ಮೆಟ್ಟಿಲು ಹತ್ತಿ ಬಂದವರು ಇಬ್ಬರು ಹೆಂಗಸರು, ಅತ್ತೆ ಮತ್ತು ಸೊಸೆ. ಅತ್ತೆಯ ತೋಳಿನಲ್ಲಿ ಕಂಬಳಿಯಲ್ಲಿ ಸುತ್ತಿದ ಒಂದು ಕುರಿಮರಿ.

"ಏಳಕ್ಕೆ ಅಂತ ಮೊಬೈಲ್‌ನಾಗೆ ಬಂತು ತಾಯಿ" ಎಂದಳು ಅತ್ತೆ ಏದುಸಿರು ಬಿಡುತ್ತ. "ಆರಕ್ಕೆ ಕರೆಂಟು ಹೋಗ್ತೈತೆ ಅಂತ ಬೇರೆ ಅಂದ್ರು. ಟಿವಿನೇ ಇಲ್ದಿದ್ರೆ ಏನ್ ನೋಡಾದು? ಡಾಕ್ಟ್ರು ಇರಾ ತಾವಕ್ಕೇ ಹೋಗಾಣ ಅಂತ ಹೊಂಟ್ ಬಂದ್ವಿ. ಫೋನು ನನ್ ಮಗನ ತಾವೇ ಐತೆ, ಅವ್ನು ರೊಪ್ಪದಾಗವ್ನೆ."

ಮತ್ತೋಡಿನ ಆಚೆಯ ಹಳ್ಳಿಯವರು. ಐದೂವರೆಯ ಮೆಸೇಜು ಓದಿಸಿಕೊಂಡು ಆಗಲೇ ಹೊರಟಿದ್ದರಿಂದ ತಿದ್ದುಪಡಿ ಇವರಿಗೆ ಸಿಕ್ಕಿರಲಿಲ್ಲ. ಎಂಟೂವರೆಗೆ ಎಂದು ಹೇಳಿದೆ. ಅತ್ತೆ ಸಿಟ್ಟು ಮಾಡಲಿಲ್ಲ, ಮರಿಯ ಮುಖ ನೋಡಿದಳು. ಅದರ ತುಟಿಗಳ ತುಂಬ ಹುಣ್ಣು, ಕಪ್ಪು ಹಕ್ಕಳೆ. ಹಾಲು ಕುಡಿಯಲು ಬಾಯಿ ಹಾಕಿ ನೋವಿಗೆ ಹಿಂದೆ ಸರಿಯುತ್ತದೆ, ಇನ್ನೂ ನಾಲ್ಕೈದು ಮರಿಗಳಿಗೆ ಶುರುವಾಗಿದೆ ಎಂದಳು ಸೊಸೆ.

"ನೀಲಿನಾಲಿಗೆನೇ ಇರ್ಬೇಕು ಕಣಕ್ಕ" ಎಂದಳು ಮೆಲ್ಲಗೆ, ಅತ್ತೆಗೆ ಕೇಳದ ಹಾಗೆ. ಅತ್ತೆಗೆ ಕೇಳಿಸಿತು. ಅವಳು ಕಂಬಳಿಯ ಅಂಚನ್ನು ಮತ್ತಷ್ಟು ಬಿಗಿಮಾಡಿದಳು, ಅಷ್ಟೇ.

ಡಾಕ್ಟರು ಏಳೂಕಾಲರ ಸುಮಾರಿಗೆ ಬಂದರು. ಸ್ಟುಡಿಯೋದ ಕುರ್ಚಿಯ ಮೇಲೆ ಮರಿ ಹಿಡಿದು ಕೂತ ಹೆಂಗಸನ್ನು ನೋಡಿ ಒಂದು ಕ್ಷಣ ಬಾಗಿಲಲ್ಲೇ ನಿಂತರು. "ಏನಪ್ಪ, ಪೇಷಂಟು ನನಗಿಂತ ಮುಂಚೆ ಬಂದೈತೆ" ಎಂದರು. ಎಲ್ಲರೂ ನಕ್ಕೆವು. ಅವರು ಮರಿಯ ಬಾಯಿ ನೋಡಲು ಬಗ್ಗಿದರು. ಯಜಮಾನರು ಅವರ ಕೈ ಹಿಡಿದರು.

"ಸಾರ್, ಇದನ್ನ ಪ್ರಸಾರದಾಗೇ ನೋಡಿದ್ರೆ?"

ಡಾಕ್ಟರು ಹೆಂಗಸಿನ ಮುಖ ನೋಡಿದರು. "ಅಷ್ಟೊತ್ತು ಈ ಯಮ್ಮನ್ನ ಹೆದರಿಸಿ ಕೂರಿಸಬೇಕಾ? ಆಗಲ್ಲ" ಎಂದು ಕೈ ಬಿಡಿಸಿಕೊಂಡು ಕೈಚೀಲದಿಂದ ಗ್ಲೌಸ್ ತೆಗೆದು ಹಾಕಿಕೊಂಡರು. ಜ್ವರ ನೋಡಿದರು, ನಾಲಿಗೆ ಹೊರಗೆಳೆದು ನೋಡಿದರು. "ಜ್ವರ ಇಲ್ಲ. ನಾಲಿಗೆ ಊದಿಲ್ಲ, ನೀಲಿಗಟ್ಟಿಲ್ಲ. ಬಾಯಿಹುಣ್ಣಮ್ಮ ಇದು. ಮರಿಗಳಿಗೆ ಬರ್ತೈತೆ, ಹೋಗ್ತೈತೆ. ಬೇರೆ ಮರಿಗಳ ಜೊತೆ ಬಿಡಬ್ಯಾಡ್ರಿ ಅಷ್ಟೇ. ನಿಮ್ ಕೈಗೂ ಅಂಟ್ತೈತೆ, ಸೋಪು ಹಾಕಿ ತೊಳ್ಕಳ್ರಿ."

"ನೀಲಿನಾಲಿಗೆ ಅಲ್ವಾ?"

"ಅಲ್ಲ."

ಅವಳು ಸೊಸೆಯ ಕಡೆ ತಿರುಗಿ, "ಕೇಳಿಸ್ಕಂಡ್ಯಾ?" ಎಂದಳು. ಆಮೇಲೆ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದವಳನ್ನು ಡಾಕ್ಟರು ಗದರಿದರು: "ಮೊದ್ಲು ಕೈ ತೊಳ್ಕಳಮ್ಮ!"

ನಾನು ಕಂಪ್ಯೂಟರಿಗೆ ಓಡಿದೆ. ಅರ್ಧ ಗಂಟೆ ಮುಂಚಿನ ಮೆಸೇಜನ್ನು ಪೂರ್ತಿ ಅಳಿಸಿ ಬರೆದೆ: 'ಬಾಯಿಹುಣ್ಣಿನ ಕುರಿಮರಿ ನಮ್ಮ ಸ್ಟುಡಿಯೋಕ್ಕೇ ಬಂದೈತೆ. ಡಾಕ್ಟ್ರು ಔಷಧಿ ಹಚ್ಚಿ ತೋರಿಸ್ತಾರೆ. ಇನ್ನು ಅರ್ಧ ಗಂಟೆ.' ಗಡಿಯಾರದ ಅಂಕಿ ಒಂದನ್ನೂ ಹಾಕಲಿಲ್ಲ, ಕೊನೆಯ ಮೆಸೇಜಿನಲ್ಲಿದ್ದ ಏಳನ್ನೂ ಅಳಿಸಿದೆ. ಇನ್ನು ಎಷ್ಟು ಹೊತ್ತಿದೆ ಎಂಬುದೊಂದನ್ನೇ ಬರೆದರೆ, ಶುರು ಎಲ್ಲಿಗೆ ಸರಿದರೂ ಆ ಮಾತು ಸುಳ್ಳಾಗುವುದಿಲ್ಲ. ಎಂಟಕ್ಕೆ ಅದು ಹೋಯಿತು. ಹಳ್ಳಿಗಳಿಗೆ ಕರೆಂಟೂ ಆಗಲೇ ಬಂತು. ಪ್ರಸಾರ ಶುರುವಾಗುವ ಮೊದಲೇ ಫೋನಿನ ಮೇಲೆ ಫೋನು: "ಮರಿ ಹೆಂಗೈತ್ರಿ?"

ಎಂಟೂವರೆಗೆ ಡಾಕ್ಟರು ಒಂದು ಕುರ್ಚಿಯಲ್ಲಿ, ಆ ಹೆಂಗಸು ಇನ್ನೊಂದರಲ್ಲಿ ಮರಿ ಹಿಡಿದು. ಡಾಕ್ಟರು ನೀರಿಗೆ ನೇರಳೆ ಬಣ್ಣದ ಪುಡಿ ಚಿಟಿಕೆ ಹಾಕಿ, ತೆಳು ಗುಲಾಬಿಯಾಗುವಷ್ಟೇ ಇರಬೇಕೆಂದು ತೋರಿಸಿ, ಮರಿಯ ಬಾಯಿ ತೊಳೆದರು. ನೀಲಿನಾಲಿಗೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಆ ಬಾಯಿಯನ್ನೇ ತೋರಿಸಿ ಹೇಳಿದರು. ಬರೀ ಮಾತಿನಲ್ಲಿ ಹೇಳಿದ್ದರೆ ಯಾರಿಗೆ ಅರ್ಥವಾಗುತ್ತಿತ್ತೋ. ನಡುವೆ ಮರಿ ಮೈಕಿನ ವೈರು ಜಗಿಯಲು ಹೋಯಿತು. "ಹಸಿವಾಗೈತೆ ಅದುಕ್ಕೆ" ಎಂದು ಹೆಂಗಸು ತಾಲ್ಲೂಕಿಗೆಲ್ಲ ಕೇಳುವಂತೆ ಹೇಳಿದಳು.

ಒಂದು ಗಂಟೆಯ ಕಾರ್ಯಕ್ರಮ ಎರಡು ಗಂಟೆ ನಡೆಯಿತು. ಯಜಮಾನರು ಅತ್ತೆ ಸೊಸೆಯನ್ನು ತಮ್ಮ ಜೀಪಿನಲ್ಲೇ ಊರಿಗೆ ಬಿಟ್ಟು ಬಂದರು. ಮರಿಗೆ ಅವರ ಪಕ್ಕದ ಸೀಟು ಸಿಕ್ಕಿತಂತೆ.

ಅದಾದ ಮೇಲೆ ತಿಂಗಳಿಗೊಂದು ಭಾನುವಾರ ಕಾರ್ಯಕ್ರಮ ಖಾಯಂ ಆಯಿತು. ಒಮ್ಮೆ ಶುರುವನ್ನು ಕೊನೆ ಗಳಿಗೆಯಲ್ಲಿ ನಿಗದಿಗಿಂತ ಬೇಗ ಮಾಡಿದಾಗ 'ಮೂರು ಗಂಟೆ ಮುಂಚೆ'ಯ ಹೊತ್ತು ಆಗಲೇ ಕಳೆದುಹೋಗಿತ್ತು. ಸೈಟು ಅದನ್ನು ಕಳಿಸದೆ, ಕೆಂಪಕ್ಷರದಲ್ಲಿ 'ಸಮಯ ಮೀರಿದೆ' ಎಂದು ತೋರಿಸಿ ಸುಮ್ಮನಾಯಿತು. ಅಂದಿನಿಂದ ಹೊತ್ತು ಬದಲಿಸಿದಾಗಲೆಲ್ಲ ಯಾವುದು ಹೋಗಿದೆ, ಯಾವುದು ಉಳಿದಿದೆ, ಯಾವುದು ತಪ್ಪಿಹೋಯಿತು ಎಂದು ನೋಡಿಕೊಂಡು, ಬದಲಾವಣೆಗೇ ಒಂದು ಮೆಸೇಜು ಹಾಕುವುದು ನನ್ನ ರೂಢಿಯಾಯಿತು. ಯಜಮಾನರೂ ಬೇಡವೆನ್ನಲಿಲ್ಲ.

ಎರಡನೇ ಕಾರ್ಯಕ್ರಮದ ಹಿಂದಿನ ವಾರ ಮರಿ ತಂದಿದ್ದ ಆ ಅತ್ತೆಯೇ ಫೋನ್ ಮಾಡಿದಳು. ಮರಿಗಳೆಲ್ಲ ಹಾಲು ಕುಡಿಯುತ್ತಿವೆ ಎಂದಳು. ಹೇಳಿ ಮುಗಿಸಿದ ಮೇಲೂ ಫೋನು ಇಡಲಿಲ್ಲ.

"ಇನ್ನೇನಾದ್ರೂ ಇತ್ತೇನಮ್ಮ?"

"ಏನಿಲ್ಲ ತಾಯಿ. ಅವತ್ತು ನಾನು ಟಿವಿಯಾಗೆ ಬಂದಿದ್ದನ್ನ ಊರೆಲ್ಲಾ ನೋಡೈತೆ. ನಾನೊಬ್ಳೇ ನೋಡಿಲ್ಲ ನೋಡು, ನಾನು ಅಲ್ಲೇ ಇದ್ನಲ್ಲ."

ಯಜಮಾನರಿಗೆ ಹೇಳಿದೆ. ಅವತ್ತಿನದರ ರೆಕಾರ್ಡಿಂಗ್ ಇತ್ತು. ಗುರುವಾರ ಸಂಜೆ ಮರುಪ್ರಸಾರ ಎಂದು ಅವರು ಅಲ್ಲೇ ತೀರ್ಮಾನಿಸಿದರು. ತಿರುಗಿ ಫೋನ್ ಮಾಡಿ ತಿಳಿಸಿದಾಗ ಅವಳು ನಾಚಿಕೊಂಡು ನಕ್ಕಳು.

"ಅಂಗಾದ್ರೆ ಅದುಕ್ಕೂ ಮೆಸೇಜ್ ಹಾಕು. ನನ್ ತಂಗಿ ಹಿರಿಯೂರಿನಾಗವ್ಳೆ, ನಮ್ಮೂರಿಗೆ ಬಂದು ನೋಡ್ಬೇಕು. ಒಂದಿನ ಮುಂಚೆ ಹೇಳಿದ್ರೆ ಸಾಲಲ್ಲ."

ಮೂರು ದಿನ ಮುಂಚಿನದನ್ನು ಆಗಲೇ ಕೂತು ಬರೆದೆ.