ಅವಳ ಮಗಳಿಗೆ ನಾನು ಗಾರ್ಡಿಯನ್ ಆಗಲಿಲ್ಲ

ನನ್ನ ಗೆಳತಿ ಆ ಮಾತು ತೆಗೆದದ್ದು ಸರ್ವಜ್ಞನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ. ನಾನು ಅವರೆಕಾಳು ಹಿತುಕುತ್ತಿದ್ದೆ. ಅವಳು ತಲೆಗೆ ಹತ್ತಿಬಟ್ಟೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಕೀಮೋ ಮುಗಿದಿತ್ತು, ಕಾಯಿಲೆ ಮುಗಿದಿರಲಿಲ್ಲ.

"ವಿಲ್ ಮಾಡಿಸ್ತಿದೀನಿ ಕಣೇ. ಮಗಳಿಗೆ ಗಾರ್ಡಿಯನ್ ಅಂತ ನಿನ್ ಹೆಸರು ಹಾಕಿಸ್ತೀನಿ," ಅಂದಳು.

ಹಾಕಿಸಲಾ ಎಂದು ಕೇಳಲಿಲ್ಲ, ನೋಡಿ. ಹಾಕಿಸ್ತೀನಿ ಅಂದಳು. ಹಲಸೂರಿನ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ನಾನು ಬಿಲ್ಲಿಂಗ್, ಅವಳು ಕನ್ನಡಕದ ನಂಬರ್ ನೋಡುವವಳು. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರಿಗೆ ಕೇಳುವ ಅಭ್ಯಾಸ ಹೋಗಿರುತ್ತದೆ. ನಾನು "ನೋಡೋಣ ಬಿಡು" ಅಂದೆ. ಅದನ್ನು ಅವಳು ಹೂಂ ಎಂದುಕೊಂಡಳು.

ಅವಳ ಗಂಡ ಬೈಕ್ ಅಪಘಾತದಲ್ಲಿ ಹೋದಾಗ ಮಗಳಿಗೆ ನಾಲ್ಕು ವರ್ಷ. ಗಂಡನ ಮನೆಯವರು ಕೆ.ಆರ್. ಪುರದ ಕಡೆಯವರು. ಹಿಂದೆ ಸೊಪ್ಪು, ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಬಾಡಿಗೆ ರೂಮುಗಳು. ಅವರು ಕೆಟ್ಟವರಲ್ಲ. ಆದರೆ ಕೆಲಸ ಬಿಟ್ಟು ಮನೆಯಲ್ಲಿರು ಎಂದರು. ಇವಳು ಮಗಳನ್ನು ಎತ್ತಿಕೊಂಡು ಬಾಣಸವಾಡಿಯಲ್ಲಿ ಬಾಡಿಗೆ ಮನೆ ಮಾಡಿದಳು. "ನನ್ ಮಗಳು ಎಲ್ಲದಕ್ಕೂ ಪರ್ಮಿಷನ್ ಕೇಳ್ಕೊಂಡು ಬೆಳೀಬಾರದು" ಎನ್ನುವುದು ಅವಳ ಹಟ.

ನನ್ನ ಮನೆಯ ಸಂಗತಿ ಬೇರೆ. ನನಗೊಬ್ಬ ತಮ್ಮ. ನಲವತ್ತು ದಾಟಿದ ಗಂಡಸು, ಬುದ್ಧಿ ಮಾತ್ರ ನಾಲ್ಕೈದು ವರ್ಷದ ಮಗುವಿನದು. ಅಪ್ಪ ಅಮ್ಮ ಹೋದ ಮೇಲೆ ಜಿಲ್ಲಾಧಿಕಾರಿಗಳ ಸಮಿತಿಯ ಮುಂದೆ ನಿಂತು ನಾನೇ ಅವನ ಗಾರ್ಡಿಯನ್ ಆದೆ. ಅವನ ಪಾಲಿಗೆ ಬಂದ ಆಸ್ತಿ ಏನಾಯಿತು ಎಂದು ಈಗಲೂ ವರ್ಷ ವರ್ಷ ಆ ಸಮಿತಿಗೆ ವಿವರ ಕೊಡಬೇಕು. ಆ ಲೆಕ್ಕಪತ್ರ ದೊಡ್ಡದಲ್ಲ. ಅವನಿಗೆ ಸಿಟ್ಟು ಬಂದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ, ಹಿಡಿಯಲು ಹೋದವರನ್ನು ಕಚ್ಚುತ್ತಾನೆ. ನನ್ನ ಮುಂಗೈ ನೋಡಿದರೆ ಗೊತ್ತಾಗುತ್ತದೆ. ನಾನು ಒಂದು ಮದುವೆಗೂ ನೆಮ್ಮದಿಯಾಗಿ ಹೋಗಿ ಬಂದವಳಲ್ಲ.

ಶಿವಾಜಿನಗರದ ವಕೀಲರ ಆಫೀಸು ಒಂದು ಪಾತ್ರೆ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಅವಳು ಎರಡು ಕಡೆ ನಿಂತು ಸುಧಾರಿಸಿಕೊಂಡಳು. ವಕೀಲರು ವಯಸ್ಸಾದವರು, ನಿಧಾನಸ್ಥರು. ಗಂಡ ಇಲ್ಲದ ತಾಯಿ ವಿಲ್ಲಿನಲ್ಲಿ ಮಗುವಿಗೆ ಗಾರ್ಡಿಯನ್ ಹೆಸರಿಸಬಹುದು ಎಂದರು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿಗಳ ಎದುರು ಸಹಿ ಆಗಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ.

"ಒಂದು ವಿಷಯ ತಿಳ್ಕೊಳಿ ಮೇಡಂ," ಎಂದು ನನ್ನ ಕಡೆ ತಿರುಗಿದರು. "ಮಗೂಗೆ ಹದಿನೆಂಟು ತುಂಬೋವರೆಗೂ ಜವಾಬ್ದಾರಿ ನಿಮ್ದು. ಸ್ಕೂಲು, ಆಸ್ಪತ್ರೆ, ಪಾಸ್‌ಪೋರ್ಟು ಎಲ್ಲಾ. ತಾಯಿ ಬಿಟ್ಟು ಹೋಗಿದ್ದನ್ನೂ ನೀವೇ ನೋಡ್ಕೋಬೇಕು. ಜಾಗ ಗೀಗ ಮಾರ್ಬೇಕಂದ್ರೆ ಕೋರ್ಟ್ ಪರ್ಮಿಷನ್ ಬೇಕು. ಆದ್ರೆ ಕೆ.ಆರ್. ಪುರದ ಆಸ್ತಿ ಇನ್ನೂ ಭಾಗ ಆಗಿಲ್ವಲ್ಲ, ಅದರಲ್ಲಿ ಮಗು ಪಾಲು ನಿಮ್ ಕೈಗೆ ಬರಲ್ಲ. ಅದನ್ನ ದೊಡ್ಡಪ್ಪನೇ ನೋಡ್ಕೋತಾರೆ."

"ನನಗೆ ಆಸ್ತಿ ಬೇಡ ಸಾರ್, ಮಗು ಇವಳ ಹತ್ರ ಇದ್ರೆ ಸಾಕು," ಎಂದಳು ಗೆಳತಿ.

"ನನ್ನ ಕೈಲಾಗಲ್ಲ ಸಾರ್," ಅಂದೆ ನಾನು.

ಅವಳು ನನ್ನ ಮುಖ ನೋಡಿದಳು. ವಕೀಲರು ಎಷ್ಟು ಜನರ ಜಗಳ ನೋಡಿದ್ದರೋ, ಸಮಾಧಾನದ ದಾರಿಯೊಂದನ್ನು ಥಟ್ಟನೆ ಮುಂದಿಟ್ಟರು. "ಹೆಸರು ಹಾಕಿದ ಮಾತ್ರಕ್ಕೆ ಯಾರೂ ನಿಮ್ಮನ್ನ ಕಟ್ಟಿಹಾಕಲ್ಲ ಮೇಡಂ. ಆ ಹೊತ್ತಿಗೆ ಆಗಲ್ಲ ಅಂದ್ರೆ ಆಗಲ್ಲ. ಸಂಬಂಧಿಕರು ಯಾರಾದ್ರೂ ಕೋರ್ಟಿಗೆ ಅರ್ಜಿ ಹಾಕ್ತಾರೆ. ಮಗು ಹಿತ ಯಾರ ಹತ್ರ ಇದೆ ಅಂತ ಜಡ್ಜ್ ನೋಡ್ತಾರೆ, ಮಗೂನೂ ಕೇಳ್ತಾರೆ. ಈಗ ಇವರ ಸಮಾಧಾನಕ್ಕೆ ಹಾಕಿಬಿಡೋಣ."

ಎಷ್ಟು ಸುಲಭವಿತ್ತು ಗೊತ್ತೇ? ತಲೆ ಆಡಿಸಿದ್ದರೆ ಆಯಿತು. ಅವಳು ನನ್ನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು, ಕೆಳಗೆ ಚಹಾ ಕುಡಿಯುತ್ತಿದ್ದೆವು, ನೆಮ್ಮದಿಯಾಗಿ ಸಾಯುತ್ತಿದ್ದಳು. ಆದರೆ ಆಮೇಲೆ ನಾನು ಆಗಲ್ಲ ಎನ್ನುವಾಗ ಬೇರೆಯವರನ್ನು ಆರಿಸಲು ಅವಳೇ ಇರುವುದಿಲ್ಲವಲ್ಲ. ಮಗು ಕೋರ್ಟಿನ ಕುರ್ಚಿಯಲ್ಲಿ ಕೂತು ಯಾರ ಹತ್ತಿರ ಇರಲಿ ಎಂದು ತಾನೇ ಹೇಳಬೇಕು.

"ಈಗಲೇ ಹೇಳ್ತಿದೀನಿ ಕಣೇ, ನೀನಿರುವಾಗಲೇ. ಬೇರೆಯವರನ್ನ ನೋಡ್ಕೋ," ಅಂದೆ.

"ನಿನಗೆ ಅಭ್ಯಾಸ ಇದೆಯಲ್ಲೇ," ಅಂದಳು. "ಒಬ್ಬನ್ನ ನೋಡ್ಕೋತಿದೀಯ. ಇನ್ನೊಬ್ಬಳು ಏನು ಭಾರ?"

ಈ ಮಾತನ್ನು ಬಂಧುಗಳು, ಪಕ್ಕದ ಮನೆಯವರು ಎಲ್ಲರೂ ಅಂದಿದ್ದಾರೆ. ಹೊರುವವಳು ಸಿಕ್ಕಿದಳೆಂದರೆ ಇನ್ನಷ್ಟು ಹೇರುವುದು ಎಲ್ಲರಿಗೂ ನ್ಯಾಯವಾಗಿ ಕಾಣುತ್ತದೆ. ಆದರೆ ಅವಳೂ ಹಾಗೆ ಅನ್ನಬೇಕೇ?

"ಅಭ್ಯಾಸ ಇರೋದಕ್ಕೇ ಬೇಡ ಅಂತಿದೀನಿ. ಏನು ಅಂತ ಗೊತ್ತಿಲ್ಲದಿದ್ರೆ ಹೂಂ ಅಂತಿದ್ದೆ. ಅವನು ಕಿರುಚಾಡೋ ಮನೇಲಿ ನಿನ್ ಮಗಳು ಬಾಗಿಲು ಹಾಕ್ಕೊಂಡು ಬೆಳೀಬೇಕಾ? ನಾನು ಬಿದ್ರೆ ಇಬ್ಬರೂ ಬೀದಿಗೆ ಬೀಳ್ತಾರೆ," ಅಂದೆ. ದನಿ ಜೋರಾಯಿತು. ಕ್ಯಾನ್ಸರ್ ಬಂದವಳ ಮೇಲೆ, ವಕೀಲರ ಎದುರು, ನಾನು ದನಿ ಏರಿಸಿದೆ.

"ಸರಿ ಬಿಡು," ಅಂದಳು ಅವಳು. ಮೆಟ್ಟಿಲು ಇಳಿಯುವಾಗ ಕೈ ಕೊಟ್ಟೆ. ಗೋಡೆ ಹಿಡಿದುಕೊಂಡು ಇಳಿದಳು.

ಕೊನೆಗೆ ಗಂಡನ ಅತ್ತಿಗೆಯ ಹೆಸರು ಬರೆಸಿದಳು. ಯಾವ ಮನೆಯಿಂದ ಹೊರಟು ಬಂದಿದ್ದಳೋ ಅದೇ ಮನೆಗೆ, ಅವಳೇ ಆಟೋದಲ್ಲಿ ಹೋಗಿ ಕೇಳಿಕೊಂಡು ಬಂದಳಂತೆ. ಸಾಕ್ಷಿ ಹಾಕಲು ಕ್ಲಿನಿಕ್ಕಿನ ಬೇರೆ ಇಬ್ಬರನ್ನು ಕರೆದಳು. ನನ್ನನ್ನು ಕರೆಯಲಿಲ್ಲ. ಆಸ್ಪತ್ರೆಗೆ ದಿನಾ ಹೋಗುತ್ತಿದ್ದೆ. ಗಂಜಿ ಕುಡಿಸಿದರೆ ಕುಡಿಯುತ್ತಿದ್ದಳು, ಕಾಲು ಒತ್ತಿದರೆ ಒತ್ತಿಸಿಕೊಳ್ಳುತ್ತಿದ್ದಳು, ಸೀರಿಯಲ್ ಕಥೆ ಹೇಳಿದರೆ ನಗುತ್ತಿದ್ದಳು. ಮಗಳ ವಿಷಯ ಮಾತ್ರ ನನ್ನ ಹತ್ತಿರ ಎತ್ತಲಿಲ್ಲ. ಎತ್ತದೆಯೇ ಹೋದಳು. ಅದೊಂದು ನನ್ನ ಎದೆ ಒಡೆಯಿತು, ಇವತ್ತಿಗೂ ಕೂಡಿಲ್ಲ.

ಹುಡುಗಿ ಈಗ ಕೆ.ಆರ್. ಪುರದಲ್ಲಿದ್ದಾಳೆ. ದೊಡ್ಡಮ್ಮ ತಲೆ ಬಾಚಿ, ಡಬ್ಬಿ ಕಟ್ಟಿ, ಜ್ವರ ಬಂದರೆ ಪಕ್ಕದಲ್ಲೇ ಮಲಗುವ ಒಳ್ಳೆಯ ಹೆಂಗಸು. ಕೆಲವು ಭಾನುವಾರ ನಾನು ತಮ್ಮನನ್ನು ಕರೆದುಕೊಂಡು ಬೈಯಪ್ಪನಹಳ್ಳಿಯಿಂದ ಮೆಟ್ರೋ ಹತ್ತಿ ಹೋಗುತ್ತೇನೆ. ಬಾಗಿಲಲ್ಲಿ ನಿಂತು, "ಬೇಕರಿವರೆಗೂ ಕರ್ಕೊಂಡು ಹೋಗ್ಲಾ?" ಎಂದು ಕೇಳುತ್ತೇನೆ. ಅವರು ಒಳಗೆ ಹೋಗಿ ಯಜಮಾನರನ್ನು ಕೇಳಿ ಬರುತ್ತಾರೆ.

ಕಳೆದ ಸಲ ಬೇಕರಿಯ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ತಮ್ಮ ಕೂತಿದ್ದ. ಹುಡುಗಿ ಬಗ್ಗಿ ನನ್ನ ಮುಖ ನೋಡಿದಳು.

"ಆಂಟಿ, ಅಮ್ಮ ಫಸ್ಟ್ ನಿಮ್ಮನ್ನ ಕೇಳಿದ್ರಂತೆ. ದೊಡ್ಡಮ್ಮ ಹೇಳಿದ್ರು."

"ಕೇಳಿದ್ಲು ಪುಟ್ಟಾ."

"ನೀವು ಆಗಲ್ಲ ಅಂದ್ರಾ?"

"ಹೂಂ. ಆಗಲ್ಲ ಅಂದೆ."

ಅವಳು ಅಳಲಿಲ್ಲ. "ಮಾಮಾ ಇಲ್ದೇ ಇದ್ದಿದ್ರೆ ನನ್ನ ಇಟ್ಕೋತಿದ್ರಾ?"

ಅವಳ ಅಮ್ಮನಿಗೆ ಸುಳ್ಳು ಹೇಳಿರಲಿಲ್ಲ. ಇವಳಿಗೆ ಹೇಗೆ ಹೇಳಲಿ?

"ಇಟ್ಕೋತಿದ್ದೆ," ಅಂದೆ.

ತಮ್ಮನಿಗೆ ಯಾವ ಮಾತು ಎಷ್ಟು ಅರ್ಥವಾಗುತ್ತದೆ ಎಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ. ಅವನು ಕೈಯಲ್ಲಿದ್ದ ಬನ್ನನ್ನು ತಟ್ಟೆಯಲ್ಲಿಟ್ಟು, ಎದ್ದು ಹೋಗಿ ಆಚೆ ಬೆಂಚಿನಲ್ಲಿ ಒಬ್ಬನೇ ಕೂತ. ಹುಡುಗಿಯನ್ನು ಮನೆಗೆ ಬಿಟ್ಟು ಬಂದು, ರಸ್ತೆ ದಾಟುವಾಗ ತಮ್ಮನ ಕಡೆ ಕೈ ಚಾಚಿದೆ. ಅವನು ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದ.