ಅಧ್ಯಕ್ಷರ ಮಾತು, ಕಡೂರಿನ ಕನ್ನಡ

ನಮ್ಮ ತೆಂಗು ಬೆಳೆಗಾರರ ಕಂಪನಿಯ ವಾರ್ಷಿಕ ವರದಿ ಬಂದಾಗ ಎಲ್ಲರೂ ಮೊದಲು ಲಾಭದ ಪುಟ ತೆರೆಯುತ್ತಾರೆ. ನಾನು ಕೊನೆಯ ಪುಟ ತೆರೆಯುತ್ತಿದ್ದೆ. ಅಲ್ಲಿ ಸಣ್ಣಕ್ಷರದಲ್ಲಿ ‘ಕನ್ನಡ ಅನುವಾದ’ ಎಂದು ಬರೆದು ಪಕ್ಕದಲ್ಲಿ ನನ್ನ ಹೆಸರು ಹಾಕಿರುತ್ತಿದ್ದರು. ಅಜ್ಜಂಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ವರ್ಷಕ್ಕೊಂದು ಸಲ ಅಷ್ಟು ಸಾಕಿತ್ತು.

ಈ ಸಲ ಅಧ್ಯಕ್ಷರು ಫೋನ್ ಮಾಡಿದರು. ಅವರು ಶಿವನಿ ಕಡೆಯ ತೋಟದವರು, ಸುತ್ತಿ ಬಳಸಿ ಮಾತಾಡುವ ಮನುಷ್ಯರಲ್ಲ. ಆದರೂ ಅವತ್ತು ಮಳೆ, ಮೊಮ್ಮಕ್ಕಳು, ನನ್ನ ಮಂಡಿನೋವು ಎಲ್ಲ ವಿಚಾರಿಸಿ ಆಮೇಲೆ ವಿಷಯಕ್ಕೆ ಬಂದರು.

“ಟೀಚರಮ್ಮ, ಈ ವರ್ಷ ವರದಿಲಿ ಬರೋ ನನ್ನ ಮಾತನ್ನ ಕಡೂರಿನ ಮೇಡಮ್ಮೋರ ಕೈಲಿ ಕನ್ನಡಕ್ಕೆ ಬರಿಸ್ತಾ ಇದೀವಿ. ನೀವು ಒಂದ್ಸಲ ಕಣ್ಣಾಡ್ಸಿ ಕೊಡಿ. ತಪ್ ತಿಳ್ಕಬೇಡಿ ಕಣ್ರೀ.”

ತಪ್ಪು ತಿಳಿಯದೆ ಏನು ಮಾಡಲಿ? ಆ ಮೇಡಂ ಕಡೂರಿಗೆ ಸೊಸೆಯಾಗಿ ಬಂದವಳು, ಮಂಗಳೂರಿನ ಕಡೆಯವಳು. ಮನೆಯಲ್ಲೇ ಕುಳಿತು ಬ್ಯಾಂಕು, ವಿಮೆ ಕಂಪನಿಗಳ ಕಾಗದಪತ್ರಗಳನ್ನು ಕನ್ನಡಕ್ಕೆ ತರುತ್ತಾಳೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ಫೋನ್ ಇಟ್ಟ ಮೇಲೆ ಹೋದ ವರ್ಷದ ವರದಿ ತೆಗೆದು ಕೊನೆಯ ಪುಟದಲ್ಲಿ ನನ್ನ ಹೆಸರನ್ನು ಇನ್ನೊಮ್ಮೆ ನೋಡಿಕೊಂಡೆ. ಹೊಟ್ಟೆಕಿಚ್ಚಲ್ಲದೆ ಇನ್ನೇನು?

ಅವರು ಯಾಕೆ ಕೈ ಬದಲಿಸಿದರು ಎಂಬುದು ನನಗೆ ಗೊತ್ತಿತ್ತು. ಹಿಂದೊಮ್ಮೆ ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ, ದೀಪಾವಳಿ ಹೊತ್ತಿಗೆ ಗೋದಾಮು ಸಿದ್ಧವಾಗುತ್ತದೆ ಎಂದುಬಿಟ್ಟಿದ್ದರು. ಆಗಲಿಲ್ಲ. ಆಮೇಲೆ ಪ್ರತಿ ಸಭೆಯಲ್ಲೂ ತರೀಕೆರೆ ಕಡೆಯ ಸದಸ್ಯರು ಎದ್ದು ನಿಂತು, “ಯಾವ ದೀಪಾವಳಿ ಸ್ವಾಮಿ?” ಎಂದು ಕೇಳುತ್ತಿದ್ದರು. ಅದಕ್ಕೇ ಹೋದ ವರ್ಷ ನಾನು ಬಹಳ ಎಚ್ಚರದಿಂದ ಬರೆದೆ. ಪ್ರತಿ ವಾಕ್ಯಕ್ಕೂ ‘ನಿರೀಕ್ಷಿಸಲಾಗಿದೆ’, ‘ಸಂಭವವಿದೆ’, ‘ಪರಿಸ್ಥಿತಿಗೆ ಒಳಪಟ್ಟು’ ಎಂದು ಬೇಲಿ ಹಾಕಿದೆ. ಅಧ್ಯಕ್ಷರು ಅದನ್ನು ಸಭೆಯಲ್ಲಿ ಓದಿ ಮುಗಿಸಿದರು. ಆಮೇಲೆ ಹಿಂದಿನಿಂದ ಒಬ್ಬರು, ಕಂಪನಿ ಮುಚ್ತಾ ಇದೀರಾ ಎಂದು ಕೇಳಿದರು.

ಈ ವರ್ಷದ ವಿಷಯ ಇನ್ನೂ ಸೂಕ್ಷ್ಮ. ಕಾಯಿತುರಿ ಒಣಗಿಸುವ ಘಟಕದ ಕಟ್ಟಡ ಮುಗಿದಿದೆ. ಯಂತ್ರಕ್ಕೆ ಬ್ಯಾಂಕಿನ ಸಾಲ ಮಂಜೂರಾಗಬೇಕು, ಕರೆಂಟಿನ ಸಂಪರ್ಕ ಸಿಗಬೇಕು. ಎರಡೂ ಆದರೆ ಬರುವ ವರ್ಷ ಕೆಲಸ ಶುರುವಾಗಬಹುದು. ಆಡಿಟರ್ ಇಂಗ್ಲಿಷಿನಲ್ಲಿ ಇದನ್ನು ಅಳೆದು ತೂಗಿ ಬರೆದಿದ್ದರು. ಕನ್ನಡ ಅದಕ್ಕಿಂತ ಹೆಚ್ಚು ಹೇಳಬಾರದು, ಕಡಿಮೆಯೂ ಹೇಳಬಾರದು ಎಂಬುದು ಅವರ ತಾಕೀತು. ಸದಸ್ಯರಿಗೆ ಧೈರ್ಯ ಬರಬೇಕು, ಆದರೆ ನಾಳೆ ಅಧ್ಯಕ್ಷರ ಕುತ್ತಿಗೆಗೆ ಬರಬಾರದು.

ಅವಳ ಕರಡು ಬಂತು. ಚೆನ್ನಾಗಿತ್ತು. ಹಾಳಾದ್ದು, ಬಹಳ ಚೆನ್ನಾಗಿತ್ತು. ನಮ್ಮ ಅಧ್ಯಕ್ಷರು ಎದುರಿಗೆ ಕುಳಿತು ಮಾತಾಡಿದ ಹಾಗೇ ಇತ್ತು. ನಾನು ಕನ್ನಡಕ ಒರೆಸಿಕೊಂಡು ತಪ್ಪು ಹುಡುಕಲು ಕುಳಿತೆ. ಮೂರನೇ ಪ್ಯಾರಾದಲ್ಲಿ ಸಿಕ್ಕಿತು: ‘ಮುಂದಿನ ವರ್ಷ ನಮ್ಮ ಘಟಕ ಕೆಲಸ ಶುರುಮಾಡುತ್ತದೆ.’ ಬ್ಯಾಂಕೂ ಇಲ್ಲ, ಕರೆಂಟೂ ಇಲ್ಲ. ಇನ್ನೊಂದು ದೀಪಾವಳಿ ತಯಾರಾಗಿತ್ತು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಕೂಡಲೇ ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದೆ, ಅದರ ಜೊತೆಗೆ ನಾನೇ ತಿದ್ದಿದ ಪ್ಯಾರಾವನ್ನೂ ಓದಿದೆ. ಅವರು ಎರಡನ್ನೂ ಪೂರ್ತಿ ಕೇಳಿಸಿಕೊಂಡರು.

“ನೀವು ಹೇಳಿದ್ದು ಸರಿ ಟೀಚರಮ್ಮ. ಆದ್ರೆ ನಿಮ್ದನ್ನ ಓದಿದ್ರೆ ಮತ್ತೆ ಹೋದ್ ವರ್ಷದ್ದೇ ಕತೆ ಆಗುತ್ತೆ. ಇಬ್ರೂ ಒಟ್ಟಿಗೆ ಕೂತು ಒಂದ್ ಹದಕ್ಕೆ ತನ್ನಿ.”

ಅವಳು ರೈಲಿನಲ್ಲಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಅಕ್ಕಾ ಅಕ್ಕಾ. ತಪ್ಪು ತೋರಿಸಿದರೆ ಮುಖ ಸಣ್ಣದಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

“ಹೌದು ಅಕ್ಕ, ನಾನು ಮಾತು ಕೊಟ್ಟ ಹಾಗೆ ಬರೆದುಬಿಟ್ಟಿದ್ದೇನೆ. ಒಳ್ಳೆಯದಾಯ್ತು ನೀವು ನೋಡಿದ್ದು,” ಎಂದಳು. ಆಮೇಲೆ ನನ್ನ ಪ್ಯಾರಾ ಓದಿ ಮೆಲ್ಲಗೆ ಹೇಳಿದಳು, “ಇದನ್ನು ಕೇಳಿದರೆ ಮಾತ್ರ ಸ್ವಲ್ಪ ಹೆದರಿಕೆ ಆಗ್ತದೆ.”

ಮಧ್ಯಾಹ್ನದವರೆಗೂ ಹೀಗೇ ಎಳೆದಾಡಿದೆವು. ಅವಳು ಧೈರ್ಯ ತುಂಬಿದರೆ ಅದು ಭಾಷೆ ಕೊಟ್ಟಂತಾಗುತ್ತಿತ್ತು. ನಾನು ಎಚ್ಚರ ತುಂಬಿದರೆ ಸೂತಕದ ಮನೆಯ ಮಾತಾಗುತ್ತಿತ್ತು. ಒಂದು ಸಾಲೂ ನಿಲ್ಲಲಿಲ್ಲ.

ಊಟದ ಹೊತ್ತಿಗೆ ನನ್ನ ಯಜಮಾನರು ತೋಟದಿಂದ ಬಂದರು. ಮೇಲೆ ಅಟ್ಟದಲ್ಲಿ ಹೋದ ವರ್ಷ ಹಾಕಿದ ಕಾಯಿ ಒಣಗುತ್ತಿತ್ತು. ನಮ್ಮ ಕಡೆ ಕೊಬ್ಬರಿ ಹಾಗೇ ಆಗುವುದು. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ವರ್ಷದ ಮಾತು. ಒಳಗೆ ಎಷ್ಟು ಗಟ್ಟಿಯಾಯಿತು, ಎಷ್ಟು ಕೊಳೆಯಿತು ಎಂಬುದು ಸುಲಿಯುವ ತನಕ ಖಚಿತವಿಲ್ಲ. ಅವಳು ತಲೆಯೆತ್ತಿ ನೋಡಿ, ಈ ಸಲ ಕೊಬ್ಬರಿ ಹೇಗೆ ಬರಬಹುದು ಎಂದು ಕೇಳಿದಳು.

ಅವರು ಕೈ ತೊಳೆಯುತ್ತಲೇ ಹೇಳಿದರು, “ಒಳ್ಳೆ ಕಾಯೇ ಆರಿಸಿ ಅಟ್ಟಕ್ಕಾಕಿದೀವಿ ಕಣಮ್ಮ. ಇಳಿಸ್ದಾಗ ನೋಡಣ.”

ಈ ಮಾತನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ನಮ್ಮಲ್ಲಿ ಯಾರೂ ಇಷ್ಟು ಕೊಬ್ಬರಿ ಬರುತ್ತದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹಾಗೆಂದು ಬರುವುದಿಲ್ಲ ಎಂದೂ ಅನ್ನುವುದಿಲ್ಲ. ನಾನು ಪಲ್ಯ ಬಡಿಸುತ್ತಿದ್ದೆ. ಅವಳು ಎಲೆಯ ಮುಂದಿನಿಂದ ಎದ್ದು ಹೋಗಿ ಎಡಗೈಯಲ್ಲಿ ಟೈಪ್ ಮಾಡತೊಡಗಿದಳು.

ಅವಳು ಬರೆದದ್ದು ಇದು: ‘ಕಟ್ಟಡ ಮುಗಿದಿದೆ. ಅದು ನಮ್ಮ ಕೈಯಲ್ಲಿದ್ದ ಕೆಲಸ, ಮಾಡಿದ್ದೇವೆ. ಬ್ಯಾಂಕಿನ ಸಾಲ ಮಂಜೂರಾಗಬೇಕು, ವಿದ್ಯುತ್ ಸಂಪರ್ಕ ಸಿಗಬೇಕು. ಅವೆರಡೂ ನಮ್ಮ ಕೈಯಲ್ಲಿಲ್ಲ. ಅವು ಆದರೆ ಬರುವ ವರ್ಷ ಘಟಕ ಶುರುವಾಗಬಹುದೆಂಬ ಭರವಸೆ ನಮಗಿದೆ. ಒಳ್ಳೆಯ ಕಾಯನ್ನೇ ಆರಿಸಿ ಅಟ್ಟಕ್ಕೆ ಹಾಕಿದ್ದೇವೆ. ಇಳಿಸಿದಾಗ ನೋಡೋಣ.’

ನನಗೆ ತಿದ್ದಲು ಏನೂ ಉಳಿದಿರಲಿಲ್ಲ. ಕಾಯಿಯ ಮಾತು ಮೂಲದಲ್ಲಿಲ್ಲವಲ್ಲ, ಆಡಿಟರ್ ಒಪ್ಪುವುದಿಲ್ಲ ಎಂದೆ. ಆಡಿಟರ್ ಓದಿದರು. ಷರತ್ತೆಲ್ಲ ಸರಿಯಾಗಿದೆ, ಹೆಚ್ಚಿಗೆ ಯಾವ ಮಾತನ್ನೂ ಕೊಟ್ಟಿಲ್ಲ ಎಂದು ಹೇಳಿ, ಕಾಯಿಯ ಆ ಎರಡು ಸಾಲನ್ನು ಇಂಗ್ಲಿಷಿಗೂ ಸೇರಿಸಿದರು. ನನ್ನ ಅನುವಾದ ನೋಡಿ ಯಾರೂ ಯಾವತ್ತೂ ಮೂಲವನ್ನು ತಿದ್ದಿರಲಿಲ್ಲ.

ಸಭೆಯ ದಿನ ಅಧ್ಯಕ್ಷರು ಆ ಪ್ಯಾರಾ ಓದುವಾಗ ನಾನು ತರೀಕೆರೆಯವರನ್ನೇ ನೋಡುತ್ತಿದ್ದೆ. ಒಬ್ಬರಾದರೂ ಎದ್ದು ಏನಾದರೂ ಕೇಳಲಿ ಎಂದು ಒಳಗೊಳಗೇ ಹಾರೈಸಿದೆ. ಒಬ್ಬರು ಎದ್ದರು.

“ಅಟ್ಟಕ್ಕಾಕಿದ್ ಮೇಲೆ ಕಾಯ್ಬೇಕಲ್ಲ. ಕಾಯಣ ಬಿಡಿ,” ಎಂದು ಹೇಳಿ ಕುಳಿತರು.

ಕೊನೆಯ ಪುಟದಲ್ಲಿ ಅವಳ ಹೆಸರಿತ್ತು. ಅದರ ಕೆಳಗೆ ‘ಪರಿಶೀಲನೆ’ ಎಂದು ನನ್ನದು. ಹಾಕಲೇಬೇಕೆಂದು ಅವಳೇ ಹಟ ಹಿಡಿದಳಂತೆ, ಅದಕ್ಕೆ ನನಗೆ ಇನ್ನೂ ಉರಿಯಿತು.

ಮನೆಗೆ ಬಂದ ಮೇಲೆ ಯಜಮಾನರು ವರದಿಯನ್ನು ಬೆಳಕಿಗೆ ಹಿಡಿದು ಆ ಪ್ಯಾರಾವನ್ನು ಇನ್ನೊಮ್ಮೆ ಓದಿಕೊಂಡರು. ತಲೆದೂಗಿದರು. “ಆ ಹುಡುಗಿ ಎಷ್ಟ್ ಚೆನ್ನಾಗ್ ಬರ್ದವ್ಳೆ ನೋಡೇ,” ಎಂದರು. “ಇಂಥ ಮಾತೆಲ್ಲ ಅವಳಿಗೆ ಎಲ್ಲಿ ಸಿಗುತ್ತೋ. ನಿಂಗ್ಯಾಕೆ ಹಿಂಗೆ ಹೊಳೆಯಲ್ಲ?”