ನರ್ಸಮ್ಮನ ಪುಸ್ತಕ, ನನ್ನ ಚಾರ್ಜ್ ಲಿಸ್ಟು

ನನ್ನ ಟೈಪಿಂಗನ್ನು ಯಾರಾದರೂ ಹೊಗಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಸಕೋಟೆ ತಾಲ್ಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ಗುಮಾಸ್ತನಾಗಿದ್ದೆ. ಆಗಷ್ಟೇ ಬಂದಿದ್ದ ಕನ್ನಡ ಟೈಪ್‌ರೈಟರು, ಅದರ ಮುಂದೆ ಇಸ್ತ್ರಿ ಅಂಗಿ ತೊಟ್ಟು ಕೂತ ನಾನು. ಗೆರೆ ಎಳೆದು ಕಾಲಂ ಹಾಕುವುದೆಂದರೆ ಊಟ ಬಿಟ್ಟು ಮಾಡುತ್ತಿದ್ದೆ. ಥೂ, ಆ ಹುಚ್ಚಿಗೆ ಬೆಂಕಿ ಬೀಳ.

ನಮ್ಮಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ ಒಬ್ಬರಿದ್ದರು. ಹತ್ತಾರು ವರ್ಷ ಅವೇ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದವರು. ಅವರಿಗೆ ಚಿಂತಾಮಣಿ ಕಡೆಗೆ ವರ್ಗವಾಯಿತು. ಚಾರ್ಜ್ ತೆಗೆದುಕೊಳ್ಳಬೇಕಾದ ಹೊಸ ನರ್ಸು ಇನ್ನೂ ಬಂದಿರಲಿಲ್ಲ. ಹಾಗಾಗಿ ನರ್ಸಮ್ಮ ತನಗೆ ಗೊತ್ತಿದ್ದುದನ್ನೆಲ್ಲ ಶಾಲೆ ಮಕ್ಕಳ ನೋಟ್‌ಪುಸ್ತಕವೊಂದರಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟರು.

ಅದು ಬರಹವಲ್ಲ, ಎದುರಿಗೆ ಕೂತು ಆಡಿದ ಮಾತು. "ಸೂಜಿ ಕುದಿಸೋ ಸೀಮೆಣ್ಣೆ ಸ್ಟೌವ್‌ಗೆ ಎರಡು ಸಲ ಪಿನ್ ಹಾಕು, ಇಲ್ದಿದ್ರೆ ಹತ್ತಲ್ಲ. ಹುಣಸೆಮರದ ಮನೆ ಅತ್ತೆ ಬಾಗಿಲಲ್ಲೇ ನಿಲ್ಸಿ ಕಳಿಸ್ತಾಳೆ. ಬಾಯಾರಿಕೆ, ಮಜ್ಜಿಗೆ ಕೊಡವ್ವ ಅನ್ನು, ಒಳಕ್ಕೆ ಕರೀತಾಳೆ. ಆಮೇಲೆ ಸೊಸೆ ಹೊಟ್ಟೆ ನೋಡು." ಹೀಗೆ ನಲವತ್ತು ಪುಟ. ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಆ ಹೆಂಗಸರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದ ನರ್ಸಮ್ಮನ ಪುಸ್ತಕದಲ್ಲಿ ಮನೆಗಳಿಗೆಲ್ಲ ಮರ, ಬಾವಿ, ಜಗಲಿಗಳೇ ಗುರುತು.

ನಡುವೆ ಒಂದು ಕಡೆ ಹೀಗಿತ್ತು. "ಬಾವಿಕಟ್ಟೆ ಎದುರುಮನೆ ಕಿರೀ ಸೊಸೆ. ಹೋದ ಸಲ ತವರಲ್ಲಿ ಸೂತಕ ಅಂತ ಇಲ್ಲೇ ಹೆರಿಗೆ ಆಯ್ತು. ಆಮೇಲೆ ರಕ್ತ ನಿಲ್ಲಲಿಲ್ಲ, ನನ್ನ ಕೈಯಲ್ಲೇ ಹೋಗ್ಬಿಡ್ತಿದ್ಲು. ಈ ಸಲ ಮನೇಲಿ ಬೇಡವೇ ಬೇಡ. ಏಳು ತುಂಬಿದ್ ತಕ್ಷಣ ತವರಿಗೆ ಹೋಗ್ತಾಳೆ, ಸಮೇತನಹಳ್ಳಿ ಪಕ್ಕ. ಅಲ್ಲಿ ಸೂಲಗಿತ್ತಿ ನಾನಿದೀನಿ ಅಂತಾಳೆ, ನಂಬಬೇಡ. ದಿನ ಹತ್ರ ಆದಾಗ ನೀನೇ ಹೋಗಿ ಹೊಸಕೋಟೆ ಆಸ್ಪತ್ರೆಗೆ ಕರ್ಕೊಂಡ್ ಹೋಗು. ಅವಳಣ್ಣನಿಗೆ ಹೇಳಿದೀನಿ, ಗಾಡಿ ಕಟ್ತಾನೆ."

ಡಾಕ್ಟರು ನಾಲ್ಕು ಪುಟ ತಿರುವಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಇದೇನ್ರೀ ಅಜ್ಜಿ ಹರಟೆ? ಮುಂದಿನ ವಾರ ಜಿಲ್ಲೆಯಿಂದ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ನೀಟಾಗಿ ಚಾರ್ಜ್ ಲಿಸ್ಟ್ ಮಾಡಿ. ನಮ್ಮ ವ್ಯಾಪ್ತಿಗೆ ಬರದ ಊರು ಒಂದೂ ಅದರಲ್ಲಿ ಇರಬಾರದು."

ಮಾಡಿದೆ. ಎಷ್ಟು ಸಂಭ್ರಮದಿಂದ ಮಾಡಿದೆ ಎಂದು ನೆನೆದರೆ ಅಸಹ್ಯವಾಗುತ್ತದೆ. ಭಾಗ ಒಂದು, ಉಪಕರಣಗಳು. ಭಾಗ ಎರಡು, ಔಷಧಿಗಳು. ಭಾಗ ಮೂರು, ರಿಜಿಸ್ಟರುಗಳು. ಭಾಗ ನಾಲ್ಕು, ಗರ್ಭಿಣಿಯರು, ಊರುವಾರು. ಎರಡು ಸಲ ಪಿನ್ ಹಾಕಬೇಕಾದ ಸ್ಟೌವು "ಒಂದು, ಸುಸ್ಥಿತಿ" ಆಯಿತು. ಬಾವಿಕಟ್ಟೆ ಎದುರುಮನೆಯವಳನ್ನು ರಿಜಿಸ್ಟರಿನಲ್ಲಿ ಹುಡುಕಿ, ಗಂಡನ ಹೆಸರು, ಗಂಡನ ಊರು ಹಾಕಿದೆ. ತವರೂರು ನಮ್ಮ ವ್ಯಾಪ್ತಿಯದಲ್ಲ, ಬಿಟ್ಟೆ. ಹಿಂದಿನ ಹೆರಿಗೆ ಎಂಬ ಕಾಲಮಿನಲ್ಲಿ "ಒಂದು". ಷರಾ ಕಾಲಂ ಎರಡು ಬೆರಳಗಲ ಮಾತ್ರ ಇತ್ತು. ಅದರಲ್ಲಿ "ಆಸ್ಪತ್ರೆ ಹೆರಿಗೆಗೆ ಸಲಹೆ ನೀಡಲಾಗಿದೆ" ಎಂದು ಹೊಡೆದೆ. ರಕ್ತದ ಮಾತು ಅಲ್ಲಿ ಹಿಡಿಸಲಿಲ್ಲ. ಹಿಡಿಸಲಿಲ್ಲ ಅನ್ನುವುದೂ ಸುಳ್ಳು, ಕಾಲಂ ಎಳೆದವನು ನಾನೇ.

ಹೊರಡುವ ದಿನ ನರ್ಸಮ್ಮ ರುಜು ಹಾಕಲು ಬಂದರು. ಸಾಮಾನು ತುಂಬಿದ ಗಾಡಿ ಹೊರಗೆ ನಿಂತಿತ್ತು. ಮೂರು ಕಾರ್ಬನ್ ಪ್ರತಿಗಳನ್ನು ನೋಡಿ ಅವರಿಗೆ ಒಂಥರಾ ಭಯವೇ ಆಯಿತು.

"ನಾನು ಬರ್ದಿರೋದೆಲ್ಲಾ ಇದರಲ್ಲಿ ಬಂದಿದೆಯೇನಪ್ಪಾ?"

"ಎಲ್ಲಾ ಬಂದಿದೆ ನರ್ಸಮ್ಮ. ಇನ್ನೂ ಚೆನ್ನಾಗಿ ಬಂದಿದೆ."

ಅವರು ಓದದೆ ರುಜು ಹಾಕಿದರು.

ಇನ್‌ಸ್ಪೆಕ್ಷನ್ ಆಯಿತು. ಸಾಹೇಬರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಬೇರೆ ಕೇಂದ್ರಗಳಿಗೂ ಮಾದರಿಯಾಗಿ ಕಳಿಸಬೇಕು ಎಂದರು. ನಾನು ಉಬ್ಬಿಹೋದೆ. ಎರಡು ದಿನ ಕೂತು ಪ್ರತಿಗಳನ್ನು ಹೊಡೆದೆ. ನೋಟ್‌ಪುಸ್ತಕ ನನ್ನ ಡ್ರಾಯರಿನ ತಳಕ್ಕೆ ಹೋಯಿತು.

ಹೊಸ ನರ್ಸು ಬಂದಳು. ಚಿಕ್ಕ ವಯಸ್ಸು, ಚುರುಕು ಹುಡುಗಿ. ಅವಳ ಮೇಲೆ ನಾನು ಒಂದು ಮಾತೂ ಆಡಲಾರೆ. ನಾನು ಕೊಟ್ಟ ಪಟ್ಟಿ ಹಿಡಿದು ಪ್ರತಿ ಮನೆಗೂ ಹೋದಳು. ಬಾವಿಕಟ್ಟೆ ಎದುರುಮನೆಯಲ್ಲಿ ಅತ್ತೆ, ಸೊಸೆ ತವರಿಗೆ ಹೋದಳು ಅಂದಳಂತೆ. ಬಂದು ನನ್ನನ್ನೇ ಕೇಳಿದಳು.

"ಸಾರ್, ಇವರು ತವರಿಗೆ ಹೋಗಿದ್ದಾರೆ. ಏನ್ ಬರೀಲಿ?"

ನಾನು ಡ್ರಾಯರಿನ ಕಡೆ ತಿರುಗಲೂ ಇಲ್ಲ. ಕೆಂಪು ಪೆನ್ಸಿಲ್ ತೆಗೆದು, ಆ ಸಾಲಿನ ಮೇಲೆ ಗೆರೆ ಎಳೆದು, "ವ್ಯಾಪ್ತಿಯಲ್ಲಿಲ್ಲ" ಎಂದು ನಾನೇ ಬರೆದುಕೊಟ್ಟೆ.

ಆರೇಳು ವಾರದ ಮೇಲೆ ಒಬ್ಬ ಯುವಕ ಬಂದು ಕೇಂದ್ರದ ಮೆಟ್ಟಿಲ ಮೇಲೆ ನಿಂತ. ಬಾವಿಕಟ್ಟೆ ಎದುರುಮನೆ ಸೊಸೆಯ ಅಣ್ಣನಂತೆ. ಬೈಯಲಿಲ್ಲ, ಕೂಗಾಡಲಿಲ್ಲ. "ನರ್ಸಮ್ಮ ಯಾರಾನಾ ಬಂದು ಕರ್ಕೊಂಡ್ ಹೋಗ್ತಾರೆ ಅಂದಿದ್ರು. ಮೂರು ದಿನ ಎತ್ತು ಮೇಯಕ್ಕೂ ಬಿಡ್ದೆ ಮನೆ ಮುಂದೇನೇ ಕಟ್ಕೊಂಡಿದ್ದೆ ಸಾಮಿ" ಎಂದ. ಮಗು ಹುಟ್ಟಿದ ಮೇಲೆ ತಂಗಿಗೆ ರಕ್ತ ನಿಂತಿಲ್ಲ. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಗಾಡಿ ಕಟ್ಟಿದ್ದಾನೆ. ಹೊಸಕೋಟೆ ಕೆರೆ ಏರಿ ಸಿಗುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು. ಮಗು ಉಳಿದಿದೆ, ಅದಕ್ಕೆ ಹಾಲಿನ ಪುಡಿ ಏನಾದರೂ ಸಿಗುತ್ತದೆಯೇ ಎಂದು ಕೇಳಲು ಬಂದಿದ್ದ.

ಅವನು ಹೋದ ಮೇಲೆ ಡಾಕ್ಟರು ನೋಟ್‌ಪುಸ್ತಕ ಕೇಳಿದರು. ಆ ಪುಟವನ್ನು ಮೊದಲ ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ನಾಚಿಕೆಯಾಯಿತೇನೋ ಎಂದುಕೊಂಡೆ. "ಇದು ಇಲ್ಲಿರೋದು ಬೇಡ" ಅಂದರು. "ಪಟ್ಟಿಯಲ್ಲಿ ತವರಿನ ವಿಳಾಸ ಅಂತ ಒಂದು ಕಾಲಂ ಸೇರಿಸಿ."

ಹಿತ್ತಲಲ್ಲಿ ಹತ್ತಿ, ಬ್ಯಾಂಡೇಜು ಸುಡುವ ಗುಂಡಿಯಿತ್ತು. ಯಾರೂ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಲಿಲ್ಲ. ನಾನೇ ಹೋಗಿ, ಹಾಳೆ ಹಾಳೆ ಬಿಡಿಸಿ ಸುಟ್ಟೆ. ಒಳಗೆ ಬಂದು ಕೈ ತೊಳೆದು ಹೊಸ ಕಾಲಂ ಎಳೆದೆ. ಆವತ್ತು ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಉಂಡೆ ಕೂಡ.

ಸುದ್ದಿ ಚಿಂತಾಮಣಿಗೂ ಮುಟ್ಟಿತು. ಒಂದು ದಿನ ಬೆಳಗ್ಗೆ ನರ್ಸಮ್ಮ ಬಸ್ಸಿಳಿದು ನೇರವಾಗಿ ನನ್ನ ಮೇಜಿಗೆ ಬಂದರು. ಮುಖ ಇಳಿದುಹೋಗಿತ್ತು.

"ಅವಳ ವಿಷಯ ಬರ್ದಿದ್ದೆ ಅಂತ ನನಗೆ ನೆನಪು ಕಣಪ್ಪಾ. ಆ ಪುಸ್ತಕ ತೆಗಿ, ನೋಡೋಣ."

ಒಳಗೆ ಡಾಕ್ಟರು ಕೆಮ್ಮಿದರು. ನನಗೆ ಮದುವೆಯಾಗಿ ಆರು ತಿಂಗಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇವೆಲ್ಲ ಆಮೇಲೆ ಕಟ್ಟಿಕೊಂಡ ನೆಪ. ಆಗ ಇದ್ದದ್ದು ಬರೀ ಹೇಡಿತನ.

"ಎಲ್ಲಿಟ್ಟೆನೋ ಸಿಗ್ತಿಲ್ಲ ನರ್ಸಮ್ಮ. ಆದ್ರೆ ಪೂರ್ತಿ ಓದಿದ್ದೆ. ಅವಳದ್ದೇನೂ ಇರಲಿಲ್ಲ."

ಅವರು ರೋಗಿಗಳ ಬೆಂಚಿನ ಮೇಲೆ ಕೂತರು. 

"ಹಂಗಾದ್ರೆ ನಾನೇ ಮರ್ತೆ. ಮನೆ ಸಾಮಾನು ಕಟ್ಟೋ ಗಲಾಟೇಲಿ ಒಂದು ಜೀವ ಮರ್ತುಬಿಟ್ಟೆ. ಅವಳ ತಾಯಿ ಕಾಲಿಗಾದ್ರೂ ಬಿದ್ದು ಬರ್ತೀನಿ. ಸಮೇತನಹಳ್ಳಿ ಕಡೆ ಬಸ್ಸು ಎಷ್ಟೊತ್ತಿಗೆ?"

ಹನ್ನೊಂದೂವರೆಗೆ ಎಂದೆ. ಅವರ ಚೀಲ ನಾನೇ ಹಿಡಿದುಕೊಂಡು ಬಸ್ಸಿನವರೆಗೂ ಹೋದೆ, ಸೀಟು ಹಿಡಿದು ಕೂರಿಸಿದೆ. ಅವರು ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಸವರಿ, "ನೀನು ಒಳ್ಳೆಯವನಪ್ಪಾ, ಚೆನ್ನಾಗಿರು" ಎಂದರು.